ಮಜ್ಜಿಗೆ, ಸಪ್ಪೆ ಲಸ್ಸಿ, ಸಿಹಿ ಲಸ್ಸಿ: ಒಂದು ಲೋಟದಲ್ಲಿ ಎಷ್ಟು ಕ್ಯಾಲರಿ, ಎಷ್ಟು ಪ್ರೋಟೀನ್? ಪದೇ ಪದೇ ಕೇಳುವ ಪ್ರಶ್ನೆಗಳು

ನಾವಿರುವುದು ಹಾಸನದಲ್ಲಿ. ಅತ್ತೆಯ ಮನೆ ಬೇಲೂರಿನ ಹತ್ತಿರದ ಹಳ್ಳಿ. ಅಲ್ಲಿ ಹಸು ಇದೆ, ಕಡೆಗೋಲು ಇದೆ, ಬೆಣ್ಣೆ ತೆಗೆದ ಮಜ್ಜಿಗೆ ಇದೆ. ಇಲ್ಲಿ ಪೇಟೆಯಲ್ಲಿ ಪ್ಯಾಕೆಟ್ ಮೊಸರು, ಮಿಕ್ಸಿ, ಬಿಸಿಲು ಏರಿದಾಗ ಅಂಗಡಿ ಲಸ್ಸಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ನಾನು ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದು, ಮನೆಯಲ್ಲಿ ಕುಡಿಯುವುದನ್ನೆಲ್ಲ ತೂಗಿ ಬರೆದಿಡಲು ಶುರು ಮಾಡಿದೆ. ನೆಂಟರು, ಅಕ್ಕಪಕ್ಕದವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಮೊದಲು ನೇರವಾಗಿ ಹೇಳಿ. ಮೂರರಲ್ಲಿ ಯಾವುದಕ್ಕೆ ಎಷ್ಟು?

200 ಮಿಲಿ ಹಿಡಿಯುವ ಸ್ಟೀಲ್ ಲೋಟ, ಟೋನ್ಡ್ ಹಾಲಿನ ಮೊಸರು ಅಂತ ಇಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ.

| ಲೋಟದಲ್ಲಿ ಏನಿದೆ | ಮೊಸರು | ಸಕ್ಕರೆ | ಕ್ಯಾಲರಿ | ಪ್ರೋಟೀನ್ |
|---|---|---|---|---|
| ನೀರು ಮಜ್ಜಿಗೆ | 50 ಗ್ರಾಂ | ಇಲ್ಲ | ಸುಮಾರು 30 | 1.6 ಗ್ರಾಂ |
| ಸಪ್ಪೆ ಲಸ್ಸಿ | 150 ಗ್ರಾಂ | ಇಲ್ಲ | ಸುಮಾರು 90 | 4.8 ಗ್ರಾಂ |
| ಸಿಹಿ ಲಸ್ಸಿ | 150 ಗ್ರಾಂ | 25 ಗ್ರಾಂ | ಸುಮಾರು 190 | 4.8 ಗ್ರಾಂ |

ಕೊನೆಯ ಎರಡು ಸಾಲುಗಳನ್ನು ಇನ್ನೊಮ್ಮೆ ನೋಡಿ. ಪ್ರೋಟೀನ್ ಎರಡರಲ್ಲೂ ಒಂದೇ. ಕ್ಯಾಲರಿ ಮಾತ್ರ ಎರಡು ಪಟ್ಟು ದಾಟಿದೆ. ಆ ಹೆಚ್ಚಿನ 100 ಕ್ಯಾಲರಿ ಪೂರ್ತಿ ಸಕ್ಕರೆಯದ್ದು.

ಈ ಅಂಕಿ ಬಂದಿದ್ದು ಹೇಗೆ?

ಟೋನ್ಡ್ ಹಾಲು ಅಂದರೆ 3 ಶೇಕಡಾ ಕೊಬ್ಬು, 8.5 ಶೇಕಡಾ ಎಸ್‌ಎನ್‌ಎಫ್. ಡೈರಿಗೆ ಹಾಲು ಹಾಕುವ ಮನೆಯವರಿಗೆ ಈ ಎರಡು ಮಾತು ಹೊಸದಲ್ಲ. ದಿನಾ ಚೀಟಿಯಲ್ಲಿ ನೋಡುತ್ತಾರೆ. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ನೀರು ಮತ್ತು ಕೊಬ್ಬು ಬಿಟ್ಟು ಉಳಿಯುವ ಗಟ್ಟಿ ಪದಾರ್ಥ. ಪ್ರೋಟೀನ್ ಇರುವುದು ಅದರೊಳಗೆ, 100 ಗ್ರಾಂ ಹಾಲಿಗೆ ಸುಮಾರು 3.2 ಗ್ರಾಂ. ಉಳಿದದ್ದರಲ್ಲಿ ಹೆಚ್ಚು ಪಾಲು ಹಾಲಿನದೇ ಸಕ್ಕರೆಯಾದ ಲ್ಯಾಕ್ಟೋಸ್, ಸುಮಾರು 4.5 ಗ್ರಾಂ.

ಹೆಪ್ಪು ಹಾಕಿದಾಗ ಲ್ಯಾಕ್ಟೋಸ್‌ನಲ್ಲಿ ಸ್ವಲ್ಪ ಹುಳಿಯಾಗುತ್ತದೆ. ಪ್ರೋಟೀನ್, ಕೊಬ್ಬು ಹಾಗೇ ಇರುತ್ತವೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ, ಪ್ರೋಟೀನಿಗೆ 4, ಸಕ್ಕರೆಗೆ 4. ಗುಣಿಸಿ ಕೂಡಿಸಿದರೆ 100 ಗ್ರಾಂ ಮೊಸರಿಗೆ 58 ಬರುತ್ತದೆ. ನೆನಪಿಗೆ ಸುಲಭ ಅಂತ ನಾನು 60 ಅಂತಲೇ ಇಟ್ಟುಕೊಂಡಿದ್ದೇನೆ.

ನೀರಿಗೆ ಕ್ಯಾಲರಿ ಇಲ್ಲ. ಉಪ್ಪು, ಇಂಗು, ಕೊತ್ತಂಬರಿ, ಶುಂಠಿ, ಮೆಣಸಿನಕಾಯಿಗೂ ಲೆಕ್ಕಕ್ಕೆ ಬರುವಷ್ಟು ಇಲ್ಲ. ಹಾಗಾಗಿ ಲೋಟದೊಳಗೆ ಎಷ್ಟು ಮೊಸರು, ಎಷ್ಟು ಸಕ್ಕರೆ ಅಂತ ಗೊತ್ತಾದರೆ ಸಾಕು.

ನೀರು ಮಜ್ಜಿಗೆ ಕುಡಿದರೆ ಪ್ರೋಟೀನ್ ಸಿಗುತ್ತದಾ?

ಸಿಗುತ್ತದೆ, ಆದರೆ ತುಂಬಾ ಕಡಿಮೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಹಾಕಿದ ಮಜ್ಜಿಗೆಯಲ್ಲಿ ಲೋಟಕ್ಕೆ 1.6 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. 200 ಮಿಲಿ ಹಾಲಿನಲ್ಲೂ 6 ಗ್ರಾಂ ದಾಟುತ್ತದೆ. ಒಂದು ಮೊಟ್ಟೆಗೆ ಸಮ ಆಗಬೇಕಾದರೆ ನಾಲ್ಕು ಲೋಟ ನೀರು ಮಜ್ಜಿಗೆ ಬೇಕು.

ನಮ್ಮ ದೇಶದ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ ದೊಡ್ಡವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ ಆಯಿತು. ಊಟದ ಕೊನೆಯ ಒಂದು ಲೋಟ ನೀರು ಮಜ್ಜಿಗೆ ಅದರಲ್ಲಿ ನೂರಕ್ಕೆ ಮೂರರಷ್ಟು.

ರಾಮನವಮಿಗೆ ಪಾನಕದ ಜೊತೆ ಕೊಡುವ ಮಜ್ಜಿಗೆ ಇನ್ನೂ ತೆಳ್ಳಗಿರುತ್ತದೆ. ಅದು ಬಾಯಾರಿಕೆಗೆ, ಬಿಸಿಲಿಗೆ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಆದರೆ "ಮಗು ಬೇಳೆ ತಿನ್ನಲ್ಲ, ಮಜ್ಜಿಗೆ ಕುಡಿಯುತ್ತೆ ಬಿಡಿ" ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಮಗುವಿಗೆ ಮೊಸರನ್ನೇ ಕೊಡಿ.

ಕಡೆದ ಮಜ್ಜಿಗೆಗೂ ಮೊಸರಿಗೆ ನೀರು ಹಾಕಿದ ಮಜ್ಜಿಗೆಗೂ ವ್ಯತ್ಯಾಸ ಇದೆಯಾ?

ತುಂಬಾ ಇದೆ. ಈ ಪುಟದಲ್ಲಿ ಒಂದೇ ಒಂದು ಪ್ರಶ್ನೆ ಓದುವುದಾದರೆ ಇದನ್ನು ಓದಿ.

ಪೇಟೆಯಲ್ಲಿ ನಾವು ಮಜ್ಜಿಗೆ ಅನ್ನುವುದು ನೀರು ಬೆರೆಸಿದ ಮೊಸರನ್ನು. ಅತ್ತೆ ಮಜ್ಜಿಗೆ ಅನ್ನುವುದು ಬೆಣ್ಣೆ ತೆಗೆದ ಮೇಲೆ ಉಳಿಯುವುದನ್ನು. ಹೆಸರು ಒಂದೇ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಒಳಗಿರುವುದು ಬೇರೆ.

ಬೆಣ್ಣೆಯಲ್ಲಿ ಹೆಚ್ಚು ಪಾಲು ಕೊಬ್ಬು, ಉಳಿದದ್ದು ನೀರು. ಪ್ರೋಟೀನ್ ನೂರಕ್ಕೆ ಒಂದು ಗ್ರಾಂನಷ್ಟೂ ಸರಿಯಾಗಿ ಇರುವುದಿಲ್ಲ. ಅಂದರೆ ಕಡೆದಾಗ ಮೊಸರಿನ ಕೊಬ್ಬು ಬೆಣ್ಣೆಯ ಜೊತೆ ಹೊರಗೆ ಬರುತ್ತದೆ. ಪ್ರೋಟೀನ್ ಮಾತ್ರ ಹೆಚ್ಚುಕಡಿಮೆ ಪೂರ್ತಿ ಮಜ್ಜಿಗೆಯಲ್ಲೇ ಉಳಿಯುತ್ತದೆ.

ಅತ್ತೆ ಮನೆಯ ಲೆಕ್ಕವನ್ನೇ ಹೇಳುತ್ತೇನೆ. ಆ ವಾರ ಡೈರಿ ಚೀಟಿಯಲ್ಲಿ ಕೊಬ್ಬು 4.0 ಬಂದಿತ್ತು. ಅದೇ ಹಾಲಿಗೆ ಹೆಪ್ಪು ಹಾಕಿದ ಒಂದು ಕಿಲೋ ಮೊಸರು ತೆಗೆದುಕೊಂಡೆವು. ಅದರಲ್ಲಿ ಕೊಬ್ಬು 40 ಗ್ರಾಂ, ಅಂದರೆ 360 ಕ್ಯಾಲರಿ. ಪ್ರೋಟೀನ್ ಸುಮಾರು 32 ಗ್ರಾಂ, ಅದಕ್ಕೆ 128. ಲ್ಯಾಕ್ಟೋಸ್ ಮತ್ತು ಹುಳಿ ಸೇರಿ 45 ಗ್ರಾಂ, ಅದಕ್ಕೆ 180. ಒಟ್ಟು 668 ಕ್ಯಾಲರಿ.

ಅತ್ತೆ ಒಂದು ಲೀಟರ್ ನೀರು ಸೇರಿಸಿ ಕಡೆದರು. ನೀರು ಹಿಂಡಿ ತೂಗಿದಾಗ ಬೆಣ್ಣೆ 45 ಗ್ರಾಂ. ಅದರಲ್ಲಿ ಕೊಬ್ಬು ಸುಮಾರು 36 ಗ್ರಾಂ. ಹಾಗಾದರೆ ಮಜ್ಜಿಗೆಯಲ್ಲಿ ಉಳಿದ ಕೊಬ್ಬು 4 ಗ್ರಾಂ ಮಾತ್ರ. 668ರಿಂದ ಹೋದದ್ದನ್ನು ಕಳೆದರೆ ಉಳಿಯುವುದು 344 ಕ್ಯಾಲರಿ. ಪಾತ್ರೆಯಲ್ಲಿ ಸುಮಾರು ಎರಡು ಲೀಟರ್ ಮಜ್ಜಿಗೆ, ಅಂದರೆ ಹತ್ತು ಲೋಟ. ಒಂದು ಲೋಟಕ್ಕೆ 34 ಕ್ಯಾಲರಿ, 3.2 ಗ್ರಾಂ ಪ್ರೋಟೀನ್.

ಅದೇ ಮೊಸರಿಗೆ ಅಷ್ಟೇ ನೀರು ಹಾಕಿ ಸುಮ್ನೆ ಕಲಕಿದ್ದರೆ? ಪ್ರೋಟೀನ್ ಅದೇ 3.2 ಗ್ರಾಂ. ಕ್ಯಾಲರಿ 67.

ಈಗ ಇದನ್ನು ಮೇಲಿನ ಪಟ್ಟಿಯ ಜೊತೆ ಇಟ್ಟು ನೋಡಿ. ಪೇಟೆಯ ನೀರು ಮಜ್ಜಿಗೆ 30 ಕ್ಯಾಲರಿ, ಅತ್ತೆಯ ಮಜ್ಜಿಗೆ 34. ಕ್ಯಾಲರಿ ಹತ್ತಿರ ಹತ್ತಿರ. ಪ್ರೋಟೀನ್ ಮಾತ್ರ ಅತ್ತೆಯ ಲೋಟದಲ್ಲಿ ಎರಡು ಪಟ್ಟು. ನೀರು ಹಾಕಿದರೆ ಕ್ಯಾಲರಿಯ ಜೊತೆ ಪ್ರೋಟೀನೂ ಇಳಿಯುತ್ತದೆ. ಬೆಣ್ಣೆ ತೆಗೆದರೆ ಕ್ಯಾಲರಿ ಮಾತ್ರ ಇಳಿಯುತ್ತದೆ. ನನಗೆ ಇದು ತಕ್ಕಡಿ ತಂದ ಮೇಲೆ ತಿಳಿದದ್ದು, ಅಲ್ಲಿಯವರೆಗೆ ಎರಡೂ ಒಂದೇ ಅಂದುಕೊಂಡಿದ್ದೆ.

ಬೆಣ್ಣೆ ಸರಿಯಾಗಿ ಬಂದಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ?

ಮಜ್ಜಿಗೆಯನ್ನು ಒಂದು ಗಾಜಿನ ಲೋಟಕ್ಕೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಮೇಲೆ ಸಣ್ಣ ಸಣ್ಣ ಕಾಳುಗಳು ತೇಲಿದರೆ, ಕುಡಿದ ಮೇಲೆ ಗಾಜಿಗೆ ಜಿಡ್ಡು ಅಂಟಿದರೆ ಕೊಬ್ಬು ಇನ್ನೂ ಒಳಗೇ ಇದೆ.

ಕಾರಣ ಸಾಮಾನ್ಯವಾಗಿ ಬಿಸಿ ಅಥವಾ ತಣ್ಣಗೆ. ಏಪ್ರಿಲ್ ಮಧ್ಯಾಹ್ನ ಕಡೆದರೆ ಬೆಣ್ಣೆ ಮೆತ್ತಗಾಗಿ ಮುದ್ದೆ ಕಟ್ಟುವುದಿಲ್ಲ. ಆಗ ತಣ್ಣೀರು ಹಾಕಬೇಕು. ಡಿಸೆಂಬರಿನ ಚಿಕ್ಕಮಗಳೂರು ಕಡೆಯ ಬೆಳಗಿನ ಚಳಿಯಲ್ಲಿ ಎಷ್ಟು ಕಡೆದರೂ ಬೆಣ್ಣೆ ಬರುವುದಿಲ್ಲ. ಆಗ ಉಗುರು ಬೆಚ್ಚಗಿನ ನೀರು ಸ್ವಲ್ಪ ಸೇರಿಸುತ್ತಾರೆ. ಕಡೆದು ಕಡೆದು ಅಭ್ಯಾಸ ಇರುವವರಿಗೆ ಕಡೆಗೋಲಿನ ಸದ್ದಿನಲ್ಲೇ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಕಡೆಗೋಲಿಲ್ಲ. ಮಿಕ್ಸಿಯಲ್ಲಿ ತಿರುಗಿಸಿದರೆ ಬೆಣ್ಣೆ ತೆಗೆದ ಮಜ್ಜಿಗೆ ಆಗುತ್ತದಾ?

ಅರ್ಧ ನಿಮಿಷ ತಿರುಗಿಸಿದರೆ ಆಗುವುದಿಲ್ಲ. ನೊರೆ ಬರುತ್ತದೆ, ಅದು ಬೆಣ್ಣೆಯಲ್ಲ. ಮೊಸರು ಕೊಬ್ಬಿನ ಸಮೇತ ಒಡೆದು ನೀರಿನ ಜೊತೆ ಬೆರೆತಿರುತ್ತದೆ ಅಷ್ಟೆ.

ಇನ್ನೊಂದು ತೊಡಕಿದೆ. ಪ್ಯಾಕೆಟ್ ಹಾಲಿನಲ್ಲಿ ಕೆಲವು ಹೋಮೊಜಿನೈಸ್ ಮಾಡಿದವು. ಅಂದರೆ ಕೊಬ್ಬಿನ ಕಣಗಳನ್ನು ಯಂತ್ರದಲ್ಲಿ ಬಹಳ ಸಣ್ಣಗೆ ಒಡೆದಿರುತ್ತಾರೆ. ಅಂಥ ಹಾಲನ್ನು ಕಾಯಿಸಿದರೆ ಮೇಲೆ ದಪ್ಪ ಕೆನೆ ಕಟ್ಟುವುದಿಲ್ಲ, ಮೊಸರು ಕಡೆದರೂ ಬೆಣ್ಣೆ ಸುಲಭವಾಗಿ ಬರುವುದಿಲ್ಲ.

ಪೇಟೆಯವರಿಗೆ ಸುಲಭ ದಾರಿ ಹಾಲಿನ ಹಂತದಲ್ಲೇ ಇದೆ. ಕೆನೆ ಕಟ್ಟುವ ಹಾಲನ್ನು ಕಾಯಿಸಿ, ಆರಿಸಿ, ಫ್ರಿಜ್‌ನಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಮೇಲಿನ ಕೆನೆ ತೆಗೆದು ಆಮೇಲೆ ಹೆಪ್ಪು ಹಾಕಿ. ಕೆನೆಯನ್ನು ಬೇರೆ ಡಬ್ಬಿಯಲ್ಲಿ ಕೂಡಿಸಿ ಬೆಣ್ಣೆ ಮಾಡಿಕೊಳ್ಳಬಹುದು. ಕಡೆದಷ್ಟು ಪೂರ್ತಿಯಾಗಿ ಕೊಬ್ಬು ಹೋಗುವುದಿಲ್ಲ, ಆದರೆ ಒಳ್ಳೆಯ ಪಾಲು ಹೋಗುತ್ತದೆ. ಪ್ರೋಟೀನಿಗೆ ಹೆಚ್ಚೇನೂ ನಷ್ಟವಿಲ್ಲ.

ಸಪ್ಪೆ ಲಸ್ಸಿ ಅಂದರೆ ಅಂಗಡಿಯಲ್ಲಿ ಸಿಗುವ ಪ್ಲೇನ್ ಲಸ್ಸಿಯೇ ತಾನೆ?

ಹಾಗೆ ಅಂದುಕೊಂಡರೆ ಮೋಸ ಹೋಗುತ್ತೀರಿ. ನಾನೂ ಹೋಗಿದ್ದೇನೆ. ಅಮ್ಮನಿಗೆ ಅಂತ ಒಂದು ಕಡೆ ಪ್ಲೇನ್ ಲಸ್ಸಿ ಹೇಳಿದೆ. ಬಂದದ್ದು ಸಿಹಿ. ಕೇಳಿದರೆ, "ಪ್ಲೇನ್ ಅಂದ್ರೆ ಮ್ಯಾಂಗೋ ಹಾಕಿಲ್ಲ, ರೋಸ್ ಹಾಕಿಲ್ಲ ಅಂತ ಅಕ್ಕಾ" ಅಂದರು. ಅವರ ಲೆಕ್ಕದಲ್ಲಿ ಅದು ಸರಿ. ಹಾಗಾಗಿ ಹೆಸರು ನಂಬಬೇಡಿ. "ಸಕ್ಕರೆ ಹಾಕಬೇಡಿ, ಉಪ್ಪು ಹಾಕಿ" ಅಂತ ಬಾಯಿ ಬಿಟ್ಟು ಹೇಳಿ. ಮೊದಲೇ ಸಕ್ಕರೆ ಹಾಕಿ ದೊಡ್ಡ ಪಾತ್ರೆಯಲ್ಲಿ ಮಾಡಿಟ್ಟಿದ್ದರೆ ಅವರಿಗೂ ಬದಲಾಯಿಸಲು ಆಗುವುದಿಲ್ಲ. ಆಗ ಮಜ್ಜಿಗೆ ತೆಗೆದುಕೊಳ್ಳುವುದೇ ಮೇಲು.

ಮನೆಯಲ್ಲಿ ಮಾಡುವುದಾದರೆ 150 ಗ್ರಾಂ ಮೊಸರಿಗೆ 50 ಮಿಲಿ ನೀರು, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ. 90 ಕ್ಯಾಲರಿ, 4.8 ಗ್ರಾಂ ಪ್ರೋಟೀನ್. ನನ್ನ ಮಟ್ಟಿಗೆ ಮೂರರಲ್ಲಿ ಸಂಜೆ ಹಸಿವಿಗೆ ನಿಲ್ಲುವುದು ಇದೊಂದೇ.

ಅಂಗಡಿಯ ಸಿಹಿ ಲಸ್ಸಿಯಲ್ಲಿ ನಿಜವಾಗಿ ಎಷ್ಟು ಸಕ್ಕರೆ ಇರುತ್ತದೆ?

ಅಂಗಡಿಯಿಂದ ಅಂಗಡಿಗೆ ಬೇರೆ. ಕುಡಿದು ನೋಡಿ ಹೇಳುವುದು ಕಷ್ಟ, ಅದಕ್ಕೆ ಎರಡು ಕಾರಣ ಇವೆ. ತುಂಬಾ ತಣ್ಣಗಿರುವುದು ನಾಲಿಗೆಗೆ ಕಡಿಮೆ ಸಿಹಿಯಾಗಿ ಕಾಣುತ್ತದೆ. ಮೊಸರಿನ ಹುಳಿಯೂ ಸಿಹಿಯನ್ನು ಮುಚ್ಚುತ್ತದೆ. ಅದೇ ಸಕ್ಕರೆಯನ್ನು ಒಂದು ಲೋಟ ಕಾಫಿಗೆ ಹಾಕಿದರೆ ಬಾಯಿಗೆ ಇಡಲಾಗುವುದಿಲ್ಲ, ಲಸ್ಸಿಯಲ್ಲಿ ಹಿತವಾಗಿರುತ್ತದೆ.

ನಾನು ಮಾಡಿದ ಉಪಾಯ ಇದು. ಅಂಗಡಿ ಲಸ್ಸಿಯನ್ನು ಬಾಟಲಿಯಲ್ಲಿ ಮನೆಗೆ ತಂದೆ. ಮನೆಯ ಮೊಸರಿನಲ್ಲಿ 200 ಮಿಲಿ ಸಪ್ಪೆ ಲಸ್ಸಿ ಮಾಡಿದೆ. ಎರಡನ್ನೂ ಫ್ರಿಜ್‌ನಲ್ಲಿ ಒಂದೇ ತಣ್ಣಗೆ ಮಾಡಿದೆ, ಇದು ಮುಖ್ಯ. ಆಮೇಲೆ ಸಕ್ಕರೆ ಡಬ್ಬಿಯನ್ನು ತಕ್ಕಡಿಯ ಮೇಲೆ ಇಟ್ಟು, ಅರ್ಧರ್ಧ ಚಮಚ ತೆಗೆದು ನನ್ನ ಲಸ್ಸಿಗೆ ಹಾಕಿ ಕರಗಿಸುತ್ತ, ಎರಡರ ಸಿಹಿ ಒಂದೇ ಅನ್ನಿಸುವವರೆಗೆ ಹೋದೆ. ಡಬ್ಬಿಯಲ್ಲಿ 28 ಗ್ರಾಂ ಕಡಿಮೆಯಾಗಿತ್ತು. ಮಗಳು ರುಚಿ ನೋಡಿ ಇನ್ನೂ ಸ್ವಲ್ಪ ಬೇಕು ಅಂದಳು. ನಾಲಿಗೆಯ ಅಳತೆ ಇದು, ಎರಡು ಮೂರು ಗ್ರಾಂ ಆಚೀಚೆ ಇರುತ್ತದೆ. ಆದರೂ ಐದು ಚಮಚಕ್ಕಿಂತ ಜಾಸ್ತಿ ಅನ್ನುವುದು ಖಚಿತ. ತಲೆ ಸಮ ಮಾಡಿದ ಟೀ ಚಮಚದಲ್ಲಿ ಸಕ್ಕರೆ 4ರಿಂದ 5 ಗ್ರಾಂ ಹಿಡಿಯುತ್ತದೆ.

ದೊಡ್ಡವರಿಗೆ ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿಂದ ಬರುವ ಲೆಕ್ಕ. 2,000 ಕ್ಯಾಲರಿ ಊಟಕ್ಕೆ ಹಿಡಿದ ಲೆಕ್ಕ ಅದು. ಒಂದು ಸಣ್ಣ ಲೋಟ ಸಿಹಿ ಲಸ್ಸಿಯಲ್ಲೇ ಆ 25 ಮುಗಿಯುತ್ತದೆ. ಬೆಳಗಿನ ಕಾಫಿಯ ಸಕ್ಕರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ದೊಡ್ಡ ಗ್ಲಾಸ್, ಮೇಲೆ ಕೆನೆ ಹಾಕಿ ಕೊಡುತ್ತಾರಲ್ಲ, ಅದಕ್ಕೆ?

300 ಮಿಲಿ ಗ್ಲಾಸ್ ಅಂತ ಇಟ್ಟುಕೊಳ್ಳಿ. 200 ಗ್ರಾಂ ಮೊಸರಿಗೆ 120 ಕ್ಯಾಲರಿ. 40 ಗ್ರಾಂ ಸಕ್ಕರೆಗೆ 160. ಮೇಲೆ ಒಂದು ದೊಡ್ಡ ಚಮಚ ಕೆನೆ ಹಾಕಿದರೆ ಸುಮಾರು 40. ಒಟ್ಟು 320. ಪ್ರೋಟೀನ್ 6.4 ಗ್ರಾಂ. ಐಸ್ ಜಾಸ್ತಿ ಹಾಕಿದ್ದರೆ, ನೊರೆ ಎತ್ತರಕ್ಕೆ ನಿಂತಿದ್ದರೆ ಮೊಸರು ಇದಕ್ಕಿಂತ ಕಡಿಮೆ. ಸಕ್ಕರೆ ಮಾತ್ರ ಕಡಿಮೆ ಆಗಿರುವುದಿಲ್ಲ, ರುಚಿಗೆ ಬೇಕಲ್ಲ.

ಪ್ರೋಟೀನಿಗೋಸ್ಕರ ಕುಡಿಯುತ್ತೇನೆ ಅನ್ನುವವರು ಹೀಗೆ ಹೋಲಿಸಿ ನೋಡಿ. 100 ಕ್ಯಾಲರಿಗೆ ಎಷ್ಟು ಪ್ರೋಟೀನ್ ಬರುತ್ತದೆ? ಈ ದೊಡ್ಡ ಗ್ಲಾಸಿನಲ್ಲಿ 2 ಗ್ರಾಂ. ಸಪ್ಪೆ ಲಸ್ಸಿಯಲ್ಲಿ 5 ಗ್ರಾಂ ದಾಟುತ್ತದೆ. ಅತ್ತೆಯ ಕಡೆದ ಮಜ್ಜಿಗೆಯಲ್ಲಿ 9 ಗ್ರಾಂ ದಾಟುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕಿದರೆ?

ರುಚಿ ಬೇರೆ ಆಗುತ್ತದೆ, ಕ್ಯಾಲರಿ ಹೆಚ್ಚುಕಡಿಮೆ ಅದೇ. ಒಂದು ಗ್ರಾಂ ಬೆಲ್ಲಕ್ಕೂ 4ರ ಹತ್ತಿರ. ಸಕ್ಕರೆ ಕಾಯಿಲೆ ಇರುವವರಿಗೆ ಬೆಲ್ಲ ಆಗುತ್ತದೆ ಅನ್ನುವುದು ತಪ್ಪು. ಅಮ್ಮನಿಗೆ ಇದನ್ನು ಒಪ್ಪಿಸಲು ನನಗೆ ಸಾಕುಸಾಕಾಯಿತು. ಜೇನುತುಪ್ಪದ್ದೂ ಇದೇ ಕಥೆ.

ಪ್ಯಾಕೆಟ್ ಮಜ್ಜಿಗೆ, ಪ್ಯಾಕೆಟ್ ಲಸ್ಸಿಯ ಹಿಂದೆ ಬರೆದಿರುವುದನ್ನು ಓದುವುದು ಹೇಗೆ?

ಮೂರು ಕಡೆ ಕಣ್ಣು ಹಾಕಿ.

ಮೊದಲನೆಯದು, ಅಂಕಿ 100 ಮಿಲಿಗೋ ಪೂರ್ತಿ ಪ್ಯಾಕೆಟ್ಟಿಗೋ ಅಂತ. ಸಾಮಾನ್ಯವಾಗಿ 100ಕ್ಕೆ ಬರೆದಿರುತ್ತಾರೆ. ಪ್ಯಾಕೆಟ್ 200 ಮಿಲಿ ಇದ್ದರೆ ಎಲ್ಲವನ್ನೂ ಎರಡರಿಂದ ಗುಣಿಸಬೇಕು. ಬಹಳ ಜನ ತಪ್ಪುವುದು ಇಲ್ಲೇ. ಲಸ್ಸಿ ಕಡಿಮೆ ಕ್ಯಾಲರಿಯದ್ದು ಅಂದುಕೊಂಡು ಅರ್ಧ ಲೆಕ್ಕ ಹಾಕಿಕೊಳ್ಳುತ್ತಾರೆ.

ಎರಡನೆಯದು ಸಕ್ಕರೆ. ಒಟ್ಟು ಸಕ್ಕರೆ ಅಂತ ಒಂದು ಸಾಲು, ಸೇರಿಸಿದ ಸಕ್ಕರೆ ಅಂತ ಇನ್ನೊಂದು ಸಾಲು ಇರುತ್ತದೆ. ಮಜ್ಜಿಗೆಯಲ್ಲೂ ಒಟ್ಟು ಸಕ್ಕರೆ ಸ್ವಲ್ಪ ಕಾಣುತ್ತದೆ. ಹೆದರಬೇಡಿ, ಅದು ಹಾಲಿನ ಲ್ಯಾಕ್ಟೋಸ್. ನೋಡಬೇಕಾದದ್ದು ಸೇರಿಸಿದ ಸಕ್ಕರೆಯ ಸಾಲನ್ನು.

ಮೂರನೆಯದು ಪ್ರೋಟೀನ್. ಅದರಿಂದ ಮೊಸರು ಎಷ್ಟಿದೆ ಅಂತ ಅಂದಾಜು ಮಾಡಬಹುದು. ಮೊಸರಿನಲ್ಲಿ 100ಕ್ಕೆ 3.2 ಗ್ರಾಂ ಅಂತ ನೆನಪಿದೆಯಲ್ಲ? ಮಜ್ಜಿಗೆ ಪ್ಯಾಕೆಟ್ಟಿನಲ್ಲಿ 100 ಮಿಲಿಗೆ 0.8 ಅಂತಿದ್ದರೆ ಕಾಲು ಭಾಗ ಮೊಸರು, 1.6 ಅಂತಿದ್ದರೆ ಅರ್ಧ. ಹಾಲಿನ ಪುಡಿ ಸೇರಿಸಿದ್ದರೆ ಈ ಅಂದಾಜು ತಪ್ಪುತ್ತದೆ, ಪದಾರ್ಥಗಳ ಪಟ್ಟಿಯಲ್ಲಿ ಅದು ಬರೆದಿರುತ್ತದೆ.

ಒಗ್ಗರಣೆ ಹಾಕಿದರೆ ಲೆಕ್ಕ ಬದಲಾಗುತ್ತದಾ?

ಬದಲಾಗುತ್ತದೆ. ಒಂದು ಟೀ ಚಮಚ ಎಣ್ಣೆಗೆ ಸುಮಾರು 40 ಕ್ಯಾಲರಿ. ಅದನ್ನು ಐದು ಲೋಟ ಮಜ್ಜಿಗೆಗೆ ಹಾಕಿದರೆ ಲೋಟಕ್ಕೆ 8. ದೊಡ್ಡದಲ್ಲ. ಒಂದೇ ಲೋಟಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕಿದರೆ 30 ಇದ್ದದ್ದು 70 ಆಯಿತು.

ಮಜ್ಜಿಗೆಯಲ್ಲಿ ಎಣ್ಣೆಗಿಂತ ನಾನು ಗಮನ ಕೊಡುವುದು ಉಪ್ಪಿಗೆ. ದಿನಕ್ಕೆ 5 ಗ್ರಾಂ ಒಳಗೆ ಇರಲಿ ಅನ್ನುತ್ತಾರೆ. ನಾಲ್ಕು ಲೋಟ ಮಜ್ಜಿಗೆಗೆ ಅರ್ಧ ಟೀ ಚಮಚ ಉಪ್ಪು ಹಾಕಿದರೂ ಲೋಟಕ್ಕೆ ಮುಕ್ಕಾಲು ಗ್ರಾಂ ಹತ್ತಿರ ಬರುತ್ತದೆ. ಬಿಪಿ ಇರುವವರು ದಿನಕ್ಕೆ ಮೂರು ನಾಲ್ಕು ಲೋಟ ಕುಡಿಯುವುದಾದರೆ ಉಪ್ಪು ಬಿಟ್ಟು ಶುಂಠಿ, ಕರಿಬೇವು, ನಿಂಬೆ ಎಲೆ ಜಜ್ಜಿ ಹಾಕಿಕೊಳ್ಳಿ.

ಎಮ್ಮೆ ಮೊಸರಾದರೆ?

ಕೊಬ್ಬು ಜಾಸ್ತಿ, ಪ್ರೋಟೀನೂ ಸ್ವಲ್ಪ ಜಾಸ್ತಿ. 100 ಗ್ರಾಂಗೆ 90 ಕ್ಯಾಲರಿ ಆಸುಪಾಸು, ಪ್ರೋಟೀನ್ 3.7 ಗ್ರಾಂ ಹತ್ತಿರ. 150 ಗ್ರಾಂ ಹಾಕಿದ ಸಪ್ಪೆ ಲಸ್ಸಿ 135 ಕ್ಯಾಲರಿ ಮುಟ್ಟುತ್ತದೆ. ಗಟ್ಟಿಯಾಗಿದೆ ಅಂದ ಮಾತ್ರಕ್ಕೆ ಪ್ರೋಟೀನ್ ಎರಡು ಪಟ್ಟು ಇರುವುದಿಲ್ಲ. ಹೆಚ್ಚಾಗಿರುವುದರಲ್ಲಿ ಬಹುಪಾಲು ಕೊಬ್ಬು. ಕಡೆದರೆ ಎಮ್ಮೆ ಮೊಸರಿನ ಮಜ್ಜಿಗೆ ಬಹಳ ಚೆನ್ನ.

ಕ್ಯಾಲರಿ ಹೆಚ್ಚಾಗದೆ ಲಸ್ಸಿಯಲ್ಲಿ ಪ್ರೋಟೀನ್ ಹೆಚ್ಚಿಸಲು ದಾರಿ ಇದೆಯಾ?

ಇದೆ. ಕೆನೆ ತೆಗೆದ ಹಾಲಿನ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ಗಂಟೆ ನೇತು ಹಾಕಿ. ತಿಳಿ ಇಳಿದು ಹೋಗುತ್ತದೆ. ಆ ತಿಳಿಯಲ್ಲಿ ಹೆಚ್ಚಾಗಿ ನೀರು ಮತ್ತು ಲ್ಯಾಕ್ಟೋಸ್, ಪ್ರೋಟೀನ್ ಸ್ವಲ್ಪವೇ. 500 ಗ್ರಾಂ ಮೊಸರು 300 ಗ್ರಾಂಗೆ ಇಳಿದರೆ, ಉಳಿದದ್ದರಲ್ಲಿ 100 ಗ್ರಾಂಗೆ ಸುಮಾರು 4.8 ಗ್ರಾಂ ಪ್ರೋಟೀನ್ ಇರುತ್ತದೆ. ಅದರ 150 ಗ್ರಾಂನಲ್ಲಿ ಲಸ್ಸಿ ಮಾಡಿದರೆ ಲೋಟಕ್ಕೆ 7 ಗ್ರಾಂ ಹತ್ತಿರ. ಬಿಸಿಲು ಕಾಲದಲ್ಲಿ ಹೊರಗೆ ನೇತು ಹಾಕಬೇಡಿ, ತುಂಬಾ ಹುಳಿಯಾಗುತ್ತದೆ. ಫ್ರಿಜ್‌ನಲ್ಲಿ ಜರಡಿಯ ಮೇಲೆ ಬಟ್ಟೆ ಹಾಸಿ ಇಡಿ. ಇಳಿದ ತಿಳಿಯನ್ನು ಸಾರಿಗೋ ಚಪಾತಿ ಹಿಟ್ಟಿಗೋ ಹಾಕಿ.

ಹುಳಿ ಮೊಸರಿನ ಮಜ್ಜಿಗೆಯಲ್ಲಿ ಕ್ಯಾಲರಿ ಕಡಿಮೆಯಾ?

ಇಲ್ಲ ಅಂತಲೇ ಇಟ್ಟುಕೊಳ್ಳಿ. ಎಷ್ಟೇ ಹುಳಿಯಾದರೂ ಲ್ಯಾಕ್ಟೋಸ್‌ನ ಒಂದು ಪಾಲು ಮಾತ್ರ ಹುಳಿಯಾಗಿರುತ್ತದೆ. ಆ ಹುಳಿಗೂ ಕ್ಯಾಲರಿ ಇದೆ. ಹುಳಿ ಮೊಸರಿಗೆ ನಾವು ನೀರು ಜಾಸ್ತಿ ಹಾಕುತ್ತೇವೆ, ಕಡಿಮೆಯಾಗುವುದು ಆ ನೀರಿನಿಂದ. ಲಸ್ಸಿಗಾದರೆ ಹುಳಿ ಮುಚ್ಚಲು ಸಕ್ಕರೆ ಜಾಸ್ತಿ ಹಾಕುತ್ತೇವೆ. ಹಾಗಾಗಿ ಸಿಹಿ ಲಸ್ಸಿ ಮಾಡಲೇಬೇಕು ಅಂದಾಗ ಅದೇ ದಿನ ಹೆಪ್ಪಾದ ಮೊಸರು ತೆಗೆದುಕೊಳ್ಳಿ. 15 ಗ್ರಾಂ ಸಕ್ಕರೆಯಲ್ಲೇ ಮುಗಿಯುತ್ತದೆ.

ಸಕ್ಕರೆ ಕಾಯಿಲೆ ಇರುವವರು ಯಾವುದನ್ನು ಕುಡಿಯಬೇಕು?

ನಮ್ಮ ಅಮ್ಮನಿಗೆ ಡಾಕ್ಟರು ಸಿಹಿ ಲಸ್ಸಿ ಬಿಡಲು ಹೇಳಿ, ಮಜ್ಜಿಗೆಗೆ ಅಡ್ಡಿಯಿಲ್ಲ ಅಂದರು. ಈಗ ಮಧ್ಯಾಹ್ನ ಊಟಕ್ಕೆ ಅರ್ಧ ನೀರು ಅರ್ಧ ಮೊಸರಿನ ಮಜ್ಜಿಗೆ ಒಂದು ಲೋಟ, 60 ಕ್ಯಾಲರಿ, 3.2 ಗ್ರಾಂ ಪ್ರೋಟೀನ್. ಅತ್ತೆ ಮನೆಯಿಂದ ಕಡೆದ ಮಜ್ಜಿಗೆ ಬಂದ ದಿನ ಎರಡು ಲೋಟ. ಕಿಡ್ನಿ ತೊಂದರೆ ಇರುವವರಿಗೆ ಪ್ರೋಟೀನ್, ಉಪ್ಪು, ನೀರು ಎಲ್ಲದಕ್ಕೂ ಮಿತಿ ಹಾಕಿರುತ್ತಾರೆ. ಅವರು ತಮ್ಮ ಡಾಕ್ಟರನ್ನು ಕೇಳದೆ ಈ ಪುಟದ ಅಳತೆ ಹಿಡಿಯಬಾರದು.

ನಮ್ಮ ಮನೆಯ ಲೋಟದ ಲೆಕ್ಕ ನಾವೇ ಹಾಕುವುದು ಹೇಗೆ?

ಮೊದಲು ಲೋಟ ಅಳೆಯಿರಿ. ಖಾಲಿ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ನೀವು ದಿನಾ ತುಂಬಿಸುವಷ್ಟೇ ನೀರು ಹಾಕಿ. ಎಷ್ಟು ಗ್ರಾಂ ಬಂತೋ ಅಷ್ಟು ಮಿಲಿ. ನಮ್ಮ ಮನೆಯಲ್ಲಿ ಒಂದೇ ತರ ಕಾಣುವ ಎರಡು ಸ್ಟೀಲ್ ಲೋಟಗಳಲ್ಲಿ ಒಂದು 180, ಇನ್ನೊಂದು 240 ಹಿಡಿಯಿತು.

ತಕ್ಕಡಿ ಇಲ್ಲದಿದ್ದರೆ 500 ಗ್ರಾಂ ಮೊಸರಿನ ಪ್ಯಾಕೆಟ್ ಸಾಕು. ಟೋನ್ಡ್ ಹಾಲಿನದಾದರೆ ಅದರಲ್ಲಿ ಸುಮಾರು 300 ಕ್ಯಾಲರಿ, 16 ಗ್ರಾಂ ಪ್ರೋಟೀನ್. ಪ್ಯಾಕೆಟ್ ಪೂರ್ತಿ ಒಂದು ಪಾತ್ರೆಗೆ ಹಾಕಿ, ನಿಮಗೆ ಬೇಕಾದಷ್ಟು ನೀರು ಸೇರಿಸಿ ಮಜ್ಜಿಗೆ ಮಾಡಿ. ಎಷ್ಟು ಲೋಟ ಆಯಿತು ಅಂತ ಎಣಿಸಿ. ಆ ಎರಡು ಅಂಕಿಯನ್ನು ಲೋಟದ ಸಂಖ್ಯೆಯಿಂದ ಭಾಗಿಸಿ. ಸಕ್ಕರೆ ಹಾಕಿದ್ದರೆ ಒಂದೊಂದು ಚಮಚಕ್ಕೂ 20 ಕ್ಯಾಲರಿ ಮೊದಲೇ ಕೂಡಿಸಿಕೊಳ್ಳಿ.

ಹೋದ ಭಾನುವಾರ ಮನೆಗೆ ನೆಂಟರು ಬಂದಿದ್ದರು. ಒಂದು ಪ್ಯಾಕೆಟ್ ಮೊಸರಿಗೆ ಒಂಬತ್ತು ಲೋಟ ಮಜ್ಜಿಗೆ ಆಯಿತು. ಲೋಟಕ್ಕೆ 33 ಕ್ಯಾಲರಿ, 1.8 ಗ್ರಾಂ ಪ್ರೋಟೀನ್. ಮಕ್ಕಳಿಗೆ ಇನ್ನೊಂದು ಪ್ಯಾಕೆಟ್ಟಿನಲ್ಲಿ ಮೂರು ಲೋಟ ಲಸ್ಸಿ ಮಾಡಿ ಒಟ್ಟು ಒಂಬತ್ತು ಚಮಚ ಸಕ್ಕರೆ ಹಾಕಿದೆ. ಲೋಟಕ್ಕೆ 160 ಕ್ಯಾಲರಿ, 5.3 ಗ್ರಾಂ ಪ್ರೋಟೀನ್. ಅಂಗಡಿಯದಕ್ಕಿಂತ ಸಿಹಿ ಕಡಿಮೆ ಅಂತ ಯಾವ ಮಗುವೂ ಹೇಳಲಿಲ್ಲ.